ಆಯಿ ರೊಟ್ಟಿ ಬಡಿಯಾಕತ್ತಾಳ

ಮಗಳೇ, ನೀನು ಕಳಿಸಿದ ಚಿತ್ರ ನೋಡಿದೆ. ಅದರ ಕೆಳಗೆ ಬರೆದ ಮೂರು ಅಡಿಬರಹಗಳನ್ನೂ ಓದಿದೆ. ಎಳ್ಳು ಅಮಾವಾಸ್ಯೆಯ ಹಿಂದಿನ ದಿನ, ನಿನ್ನ ಆಯಿ ಒಲೆಯ ಮುಂದೆ ಕೂತಿದ್ದಾಳೆ. ಹಂಚಿನ ಮೇಲೆ ಒಂದು ಸಜ್ಜಿ ರೊಟ್ಟಿ ಬೇಯುತ್ತಿದೆ, ಇನ್ನೊಂದು ಅವಳ ಅಂಗೈ ಕೆಳಗೆ ಅಗಲವಾಗುತ್ತಿದೆ, ಪಕ್ಕದಲ್ಲಿ ಎಳ್ಳು ಹಚ್ಚಿದ ರೊಟ್ಟಿಗಳ ಅಟ್ಟಿ. ಚಿತ್ರದ ಬಗ್ಗೆ ನಾನು ಹೇಳುವುದೇನೂ ಇಲ್ಲ, ಚೆನ್ನಾಗಿ ಬಂದಿದೆ. ಬೆಂಗಳೂರಿನಲ್ಲಿ ನಿಮ್ಮ ಕಾಲೇಜಿನ ಪ್ರದರ್ಶನಕ್ಕೆ ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದ್ದೀ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬಹಳ ಕಾಲ ಚಿತ್ರಗಳ ಕೆಳಗಿನ ಸಾಲು ಬರೆದವಳು, ತಿದ್ದಿದವಳು ಎಂಬ ನಂಬಿಕೆಯಿಂದ ಕೇಳಿದ್ದೀ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನೀನು ಬರೆದ ಮೊದಲನೆಯದು ಹೀಗಿದೆ:

"ವೃದ್ಧ ಮಹಿಳೆಯೋರ್ವರು ಸಾಂಪ್ರದಾಯಿಕ ಶೈಲಿಯಲ್ಲಿ ಸಜ್ಜೆ ರೊಟ್ಟಿ ತಯಾರಿಸುತ್ತಿರುವ ದೃಶ್ಯ."

ಎರಡನೆಯದು:

"ನಮ್ಮಜ್ಜಿ ಒಲೆ ಮುಂದೆ ಕೂತ್ಕೊಂಡು ಸಜ್ಜೆ ರೊಟ್ಟಿ ತಟ್ತಾ ಇದಾರೆ, ಸೂಪರ್ ಅಲ್ವಾ?"

ಮೂರನೆಯದು:

"ಅಜ್ಜಿ ಒಲಿ ಮುಂದ ಕುಳಿತು ಸಜ್ಜಿ ರೊಟ್ಟಿ ತಟ್ಟುತ್ತಿದ್ದಾಳ ನೋಡ್ರಿಪಾ!"

ಒಂದು ಗ್ರಾಂಥಿಕ, ಒಂದು ಆಡುಮಾತು, ಒಂದು ನಮ್ಮ ಧಾರವಾಡದ್ದು ಎಂದು ಪಕ್ಕದಲ್ಲಿ ಬರೆದಿದ್ದೀ. ಮೂರನ್ನೂ ಜೋರಾಗಿ ಓದಿ ನೋಡಿದೆ. ಮೂರರಲ್ಲಿ ಒಂದು ಮಾತ್ರ ನಿನ್ನ ಬಾಯಿಂದ ಬಂದದ್ದು, ಅದು ಎರಡನೆಯದು. ಮೊದಲನೆಯದು ಯಾವುದೋ ಕಚೇರಿಯ ಕಡತದಿಂದ ಬಂದಂತಿದೆ. ಮೂರನೆಯದು ಯಾರ ಬಾಯಿಂದಲೂ ಬಂದದ್ದಲ್ಲ. ಯಾಕೆ ಹಾಗನ್ನುತ್ತೇನೆ ಎಂದು ಬಿಡಿಸಿ ಹೇಳಬೇಕು.

ಮೊದಲನೆಯದನ್ನೇ ನೋಡು. ಗ್ರಾಂಥಿಕವಾಗಿ ಬರೆಯುವುದೆಂದರೆ ಸಂಸ್ಕೃತದ ಪದಗಳನ್ನು ತಂದು ಪೇರಿಸುವುದು ಎಂದು ನೀನು ತಿಳಿದ ಹಾಗಿದೆ. ಆಯಿ ‘ವೃದ್ಧ ಮಹಿಳೆ’ ಆದಳು, ರೊಟ್ಟಿ ಮಾಡುವುದು ‘ತಯಾರಿಸುವುದು’ ಆಯಿತು. ‘ಸಾಂಪ್ರದಾಯಿಕ ಶೈಲಿ’ ಎಂಬುದು ಏನನ್ನೂ ಹೇಳುವುದಿಲ್ಲ, ಒಲೆ ಮತ್ತು ಹಂಚು ಚಿತ್ರದಲ್ಲೇ ಕಾಣುತ್ತಿವೆ. ‘ದೃಶ್ಯ’ವೂ ಬೇಡ, ಚಿತ್ರದ ಕೆಳಗೆ ನಿಂತು ಇದು ದೃಶ್ಯ ಎಂದು ಯಾರಿಗೆ ಹೇಳಬೇಕು? ಇವನ್ನೆಲ್ಲ ತೆಗೆದರೂ ಸಾಲು ಗ್ರಾಂಥಿಕವಾಗಿಯೇ ಉಳಿಯುತ್ತದೆ. ನಮ್ಮ ಬರಹದ ಕನ್ನಡದ ಗುರುತು ಪದಗಳಲ್ಲಿ ಅಷ್ಟಾಗಿ ಇಲ್ಲ, ಕ್ರಿಯಾಪದದ ತುದಿಯಲ್ಲಿದೆ. ‘ತಟ್ಟುತ್ತಿದ್ದಾರೆ’ ಎಂದು ಪೂರ್ತಿ ಬರೆದೆ ಎಂದರೆ ಸಾಕು, ಬೀದರಿನಿಂದ ಚಾಮರಾಜನಗರದ ತನಕ ಯಾರು ಓದಿದರೂ ಅದು ಅಚ್ಚಿನ ಕನ್ನಡ ಎಂದು ಗೊತ್ತಾಗುತ್ತದೆ. ಯಾರೂ ಮನೆಯಲ್ಲಿ ಹಾಗೆ ಮಾತಾಡುವುದಿಲ್ಲ, ಆದರೆ ಎಲ್ಲರೂ ಶಾಲೆಯಲ್ಲಿ ಅದನ್ನು ಓದಿದ್ದಾರೆ. ಯಾರ ಮನೆಯ ಮಾತೂ ಅಲ್ಲದ್ದರಿಂದಲೇ ಅದು ಎಲ್ಲರಿಗೂ ಸಮ ದೂರದಲ್ಲಿದೆ. ಅದೇ ಅದರ ಬಲ.

ಆ ತುದಿಯಲ್ಲೂ ಆಯ್ಕೆಗಳಿವೆ, ಇದನ್ನು ಗಮನಿಸು. ನೀನು ಬರೆದದ್ದು ‘ತಯಾರಿಸುತ್ತಿರುವ ದೃಶ್ಯ’. ಡೆಸ್ಕಿಗೆ ಬರುತ್ತಿದ್ದ ಚಿತ್ರಗಳ ಹಿಂದೆ ಬಹಳ ಸಲ ಇರುತ್ತಿದ್ದದ್ದು ‘ತಟ್ಟುತ್ತಿರುವುದು’. ಎರಡರಲ್ಲೂ ಕೆಲಸ ಉಳಿಯುತ್ತದೆ, ಕೆಲಸ ಮಾಡುವವರು ಹಿಂದೆ ಸರಿಯುತ್ತಾರೆ. ‘ರೊಟ್ಟಿ ತಯಾರಿಸಲಾಗುತ್ತಿದೆ’ ಎಂದು ಬರೆದರಂತೂ ಆಯಿ ಚಿತ್ರದಿಂದಲೇ ಎದ್ದು ಹೋದ ಹಾಗೆ. ಸಭೆ ಸಮಾರಂಭಗಳ ಚಿತ್ರಕ್ಕೆ ಪತ್ರಿಕೆಗಳಲ್ಲಿ ‘ಉದ್ಘಾಟಿಸಿದರು’, ‘ಮಾತನಾಡಿದರು’ ಎಂದು ಮುಗಿದ ಕಾಲದಲ್ಲಿ ಬರೆಯುತ್ತಾರೆ. ಅಲ್ಲಿ ಅದು ಸರಿ, ಏಕೆಂದರೆ ಓದುವ ಹೊತ್ತಿಗೆ ಸಭೆ ಮುಗಿದಿದೆ, ಅದು ಸುದ್ದಿ. ನಿನ್ನ ಚಿತ್ರ ಸುದ್ದಿಯಲ್ಲ. ಗೋಡೆಯ ಮೇಲೆ ಯಾರು ಯಾವಾಗ ನೋಡಿದರೂ ಆ ಅಂಗೈ ಹಿಟ್ಟಿನ ಮೇಲೆಯೇ ಇರುತ್ತದೆ. ಅದಕ್ಕೆ ನಡೆಯುತ್ತಿರುವ ಕಾಲ ಬೇಕು, ಮಾಡುವವಳು ಕ್ರಿಯಾಪದದಲ್ಲೇ ಕಾಣಬೇಕು. ಹಾಗಾಗಿ ನಿನ್ನ ಮೊದಲ ಸಾಲನ್ನು ನಾನು ಹೀಗೆ ತಿದ್ದುತ್ತೇನೆ:

"ಎಳ್ಳು ಅಮಾವಾಸ್ಯೆಯ ಹಿಂದಿನ ದಿನ ಅಜ್ಜಿಯೊಬ್ಬರು ಒಲೆಯ ಮುಂದೆ ಕುಳಿತು ಸಜ್ಜೆ ರೊಟ್ಟಿ ತಟ್ಟುತ್ತಿದ್ದಾರೆ."

ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ಸೇರಿಸಿದ್ದೇನೆ, ಅದು ದಿನ. ಅಷ್ಟೊಂದು ರೊಟ್ಟಿ ಯಾಕೆ ಎಂಬುದಕ್ಕೆ ಉತ್ತರ ಅಲ್ಲಿದೆ. ಮಾರ್ಗಶಿರದ ಅಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಬಂದವರಿಗೆಲ್ಲ ಅಲ್ಲೇ ಊಟ. ಬೆಂಗಳೂರಿನ ನೋಡುಗರಲ್ಲಿ ಅನೇಕರಿಗೆ ಇದು ಗೊತ್ತಿರಲಿಕ್ಕಿಲ್ಲ. ದಿನದ ಹೆಸರು ಇಲ್ಲದಿದ್ದರೆ ಅವರು ಅದನ್ನು ನಿತ್ಯದ ಅಡುಗೆ ಎಂದುಕೊಂಡು ಮುಂದೆ ಹೋಗುತ್ತಾರೆ.

ಈ ಸಾಲು ತಪ್ಪಿಲ್ಲ, ಅಂದವೂ ಇದೆ. ಆದರೆ ಇದರಲ್ಲಿ ನೀನು ಎಲ್ಲಿ ನಿಂತಿದ್ದೀ ಎಂದು ನೋಡು. ‘ಅಜ್ಜಿಯೊಬ್ಬರು’ ಎಂದಾಗ ನೀನು ದಾರಿಯಲ್ಲಿ ಹೋಗುತ್ತಾ ಬಾಗಿಲಿನಿಂದ ಇಣುಕಿದ ಅಪರಿಚಿತಳು. ಅದು ಯಾರ ಮನೆಯ ಅಜ್ಜಿಯೂ ಆಗಬಹುದು. ‘ತಟ್ಟುತ್ತಿದ್ದಾರೆ’ ಎಂಬ ಬಹುವಚನ ಆ ಅಪರಿಚಿತತನದ ಮರ್ಯಾದೆ. ಇಲ್ಲಿ ‘ಅಜ್ಜಿಯೊಬ್ಬಳು ತಟ್ಟುತ್ತಿದ್ದಾಳೆ’ ಎಂದು ಬರೆದರೆ ಒರಟಾಗುತ್ತದೆ. ಗುರುತಿಲ್ಲದ ಹಿರಿಯರನ್ನು ಏಕವಚನದಲ್ಲಿ ಕರೆದ ಹಾಗೆ. ಇದನ್ನು ನೆನಪಿಡು, ಮೂರನೆಯ ಸಾಲಿಗೆ ಬಂದಾಗ ಇದೇ ಏಕವಚನ ಪೂರಾ ಬೇರೆ ಬಣ್ಣ ತಾಳುತ್ತದೆ.

ಎರಡನೆಯದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ನಿನ್ನ ದಿನನಿತ್ಯದ ಮಾತು. ‘ಕೂತ್ಕೊಂಡು’, ‘ತಟ್ತಾ ಇದಾರೆ’, ಎಲ್ಲ ಸರಾಗವಾಗಿ ಬಂದಿದೆ. ‘ನಮ್ಮಜ್ಜಿ’ ಎಂದ ಕೂಡಲೇ ನೀನು ಬಾಗಿಲು ದಾಟಿ ಒಳಗೆ ಬಂದೆ. ‘ಸೂಪರ್ ಅಲ್ವಾ’ ಮಾತ್ರ ತೆಗೆದುಬಿಡು. ಗೆಳತಿಗೆ ಫೋನಿನಲ್ಲಿ ಚಿತ್ರ ಕಳಿಸುವಾಗ ಆ ಮಾತಿಗೆ ಅರ್ಥವಿದೆ, ಎದುರಿನಲ್ಲಿ ಹೂಂ ಎನ್ನುವವಳು ಇದ್ದಾಳೆ. ಗೋಡೆಯ ಮೇಲೆ ಅದು ನೋಡುವವರಿಂದ ಹೊಗಳಿಕೆ ಕೇಳಿದಂತಾಗುತ್ತದೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅವರೇ ಹೇಳಲಿ.

ಇನ್ನೊಂದು ಮಾತು ಇದರ ಬಗ್ಗೆ ಹೇಳಲೇಬೇಕು. ನೀನು ಇದಕ್ಕೆ ‘ಆಡುಮಾತು’ ಎಂದು ಹೆಸರಿಟ್ಟೆ, ಮೂರನೆಯದಕ್ಕೆ ‘ನಮ್ಮ ಧಾರವಾಡದ್ದು’ ಎಂದೆ. ‘ತಟ್ತಾ ಇದಾರೆ’ ಎಂಬುದಕ್ಕೂ ಒಂದು ಪ್ರದೇಶವಿದೆ. ಅದು ಬೆಂಗಳೂರು, ಮೈಸೂರು ಕಡೆಯ ಓದಿದವರ ಮನೆಯ ಮಾತು. ಸಿನಿಮಾ, ಟಿವಿ, ಜಾಹೀರಾತುಗಳಲ್ಲಿ ಅದನ್ನೇ ಹೆಚ್ಚಾಗಿ ಕೇಳುವುದರಿಂದ ಅದು ಎಲ್ಲರ ಆಡುಮಾತಿನಂತೆ ತೋರುತ್ತದೆ. ಮಂಡ್ಯದ ಹಳ್ಳಿಯಲ್ಲಿ ಅದೇ ಕ್ರಿಯಾಪದ ‘ತಟ್ತಾವ್ಳೆ’, ‘ತಟ್ತಾವ್ರೆ’ ಆಗುತ್ತದೆ. ಧಾರವಾಡದಲ್ಲಿ ಕೂತು ಓದುವ ನನಗೆ ‘ಕೂತ್ಕೊಂಡು’ ಎಂದರೆ ಮೈಸೂರು ಕಡೆಯವರು ಯಾರೋ ಮಾತಾಡುತ್ತಿದ್ದಾರೆ ಎಂದೇ ಕೇಳಿಸುತ್ತದೆ. ಬೇರೆ ಚಿತ್ರವಾಗಿದ್ದರೆ ಇದು ದೊಡ್ಡ ವಿಷಯವಲ್ಲ. ಆದರೆ ಈ ಚಿತ್ರದಲ್ಲಿ ಸಜ್ಜಿ ರೊಟ್ಟಿ ಇದೆ, ಅದರ ಮೇಲೆ ಎಳ್ಳಿದೆ, ಪಕ್ಕದಲ್ಲಿ ಕಡಕ್ ರೊಟ್ಟಿಯ ಅಟ್ಟಿ ಇದೆ. ಚಿತ್ರಕ್ಕೆ ಆಗಲೇ ಒಂದು ಊರಿದೆ. ಅಡಿಬರಹ ಇನ್ನೊಂದು ಊರಿನ ಮಾತಾಡಿದರೆ ನೋಡುವವರಿಗೆ ಏನು ಕಾಣಬೇಕು? ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗಳು ಊರಿಗೆ ಬಂದು ಆಯಿಯನ್ನು ನೋಡುತ್ತಿದ್ದಾಳೆ ಎಂಬುದು ಕಾಣುತ್ತದೆ. ಅದು ಸುಳ್ಳಲ್ಲ, ನೀನು ಅವಳೇ. ಆ ದೂರವನ್ನೇ ತೋರಿಸಬೇಕು ಎಂದಿದ್ದರೆ ಎರಡನೆಯ ಸಾಲೇ ನಿನ್ನ ಸಾಲು, ಯಾವ ಅಳುಕೂ ಬೇಡ:

"ನಾಳೆ ಎಳ್ಳಮಾವಾಸ್ಯೆ ಅಂತ ನಮ್ಮಜ್ಜಿ ಒಲೆ ಮುಂದೆ ಕೂತ್ಕೊಂಡು ಸಜ್ಜೆ ರೊಟ್ಟಿ ತಟ್ತಾ ಇದಾರೆ."

ಮೊದಲ ಸಾಲಿನ ‘ಹಿಂದಿನ ದಿನ’ ಇಲ್ಲಿ ‘ನಾಳೆ’ ಆಯಿತು ನೋಡು. ನಾನು ಬೇಕೆಂದೇ ಬದಲಿಸಲಿಲ್ಲ, ಸಾಲೇ ಬದಲಿಸಿತು. ಮಾತಾಡುವಾಗ ಯಾರೂ ‘ಅಮಾವಾಸ್ಯೆಯ ಹಿಂದಿನ ದಿನ’ ಎನ್ನುವುದಿಲ್ಲ. ಮಾತಿನ ಧಾಟಿಗೆ ಬಂದ ಕೂಡಲೇ ಬರೆಯುವವಳು ಆ ದಿನದೊಳಗೆ, ಆ ಅಡುಗೆಮನೆಯೊಳಗೆ ಬಂದು ನಿಲ್ಲುತ್ತಾಳೆ.

ಈಗ ಮೂರನೆಯದು. ನಿನಗೆ ಹೆಚ್ಚು ಇಷ್ಟವಾದದ್ದು ಅದೇ ಎಂದು ಗೊತ್ತು, ಕೊನೆಗೊಂದು ಉದ್ಗಾರ ಚಿಹ್ನೆ ಬೇರೆ ಹಾಕಿದ್ದೀ. ಅದು ಯಾರ ಬಾಯಿಂದಲೂ ಬಂದದ್ದಲ್ಲ ಎಂದೆನಲ್ಲ, ಕಾರಣ ಇಷ್ಟೇ: ನೀನು ಅಚ್ಚಿನ ಸಾಲನ್ನು ತೆಗೆದುಕೊಂಡು ಪದಗಳ ಕೊನೆಯ ಸ್ವರ ಬದಲಿಸಿದ್ದೀ. ‘ಒಲೆ’ ‘ಒಲಿ’ ಆಯಿತು, ‘ಮುಂದೆ’ ‘ಮುಂದ’ ಆಯಿತು, ‘ಸಜ್ಜೆ’ ‘ಸಜ್ಜಿ’ ಆಯಿತು. ಅಷ್ಟರ ಮಟ್ಟಿಗೆ ಸರಿ, ನಮ್ಮ ಕಡೆ ಹೆಸರುಗಳ ಕೊನೆಯ ಎಕಾರ ಇಕಾರವಾಗುತ್ತದೆ, ‘ಮುಂದೆ’, ‘ಹಿಂದೆ’ಗಳ ಎಕಾರ ಅಕಾರವಾಗುತ್ತದೆ. ಅದೇ ಸೂತ್ರವನ್ನು ಕ್ರಿಯಾಪದಕ್ಕೂ ಹಚ್ಚಿ ‘ತಟ್ಟುತ್ತಿದ್ದಾಳೆ’ಯನ್ನು ‘ತಟ್ಟುತ್ತಿದ್ದಾಳ’ ಮಾಡಿದೆ. ಇಲ್ಲಿ ಸಾಲು ಕೈತಪ್ಪಿತು. ಧಾರವಾಡದಲ್ಲಿ ಯಾರೂ ‘ತಟ್ಟುತ್ತಿದ್ದಾಳ’ ಅನ್ನುವುದಿಲ್ಲ. ನಡೆಯುತ್ತಿರುವ ಕೆಲಸವನ್ನು ಹೇಳಲು ನಮ್ಮಲ್ಲಿ ಇರುವ ಕಟ್ಟೇ ಬೇರೆ. ‘ಬಡಿಯಲಿಕ್ಕೆ ಹತ್ತಿದ್ದಾಳೆ’ ಎಂಬಲ್ಲಿಂದ ಹೊರಟು, ಬಾಯಲ್ಲಿ ಸವೆದು, ‘ಬಡಿಯಾಕತ್ತಾಳ’ ಆಗಿದೆ. ಒಂದು ಕೆಲಸಕ್ಕೆ ‘ಹತ್ತುವುದು’ ಎಂದರೆ ಅದನ್ನು ಹಿಡಿದು ಶುರು ಮಾಡುವುದು. ಹಾಗಾಗಿ ಅದರಲ್ಲಿ ಕೆಲಸ ಸಾಗಿದೆ ಎಂಬುದಷ್ಟೇ ಅಲ್ಲ, ಆಕೆ ಅದರಲ್ಲಿ ತೊಡಗಿಕೊಂಡಿದ್ದಾಳೆ ಎಂಬುದೂ ಇದೆ. ಬರೀ ‘ಬಡಿತಾಳ’ ಎಂದರೆ ದಿನಾ ಮಾಡುವ ಕೆಲಸ ಅಥವಾ ಮುಂದೆ ಮಾಡುವ ಕೆಲಸವಾಗುತ್ತದೆ, ಈಗ ಈ ಗಳಿಗೆಯದಲ್ಲ.

ಯಾವುದೇ ಸೀಮೆಯ ಮಾತು ನಿಜವೋ ಹೊಲಿದದ್ದೋ ಎಂದು ತಿಳಿಯಬೇಕಾದರೆ ನಾನು ಮೊದಲು ನೋಡುವುದು ಇದನ್ನೇ. ಸ್ವರಗಳನ್ನು ಯಾರು ಬೇಕಾದರೂ ಅನುಕರಿಸಬಹುದು, ‘ರಿಪಾ’, ‘ಮಾರಾಯ್ರೆ’, ‘ಗುರೂ’ ಎಂದು ಕೊನೆಗೆ ಅಂಟಿಸಬಹುದು. ಕ್ರಿಯಾಪದ ಮಾತ್ರ ಆ ಊರಿನಲ್ಲಿ ಕಿವಿಗೊಟ್ಟು ಕೂತವರಿಗೆ ಸಿಗುತ್ತದೆ. ಅಚ್ಚಿನ ಕ್ರಿಯಾಪದ ಹಾಗೇ ಉಳಿದು ಸುತ್ತಲಿನ ಪದಗಳಷ್ಟೇ ವೇಷ ಹಾಕಿದ್ದರೆ ಆ ಸಾಲು ಹೊರಗಿನವರದು. ನಿನ್ನ ‘ಕುಳಿತು’ ಕೂಡ ಹಾಗೆಯೇ ಉಳಿದುಬಿಟ್ಟಿದೆ. ಒಲಿ ಮುಂದ ನಮ್ಮವರು ‘ಕುಂತು’ ರೊಟ್ಟಿ ಮಾಡುತ್ತಾರೆ, ‘ಕುಳಿತು’ ಅಲ್ಲ.

‘ನೋಡ್ರಿಪಾ’ ಅನ್ನು ತೆಗೆದುಬಿಡು. ಅದು ನಮ್ಮ ಮಾತೇ, ಆದರೆ ಒಬ್ಬರು ಇನ್ನೊಬ್ಬರ ಮುಖ ನೋಡಿ ಆಡುವ ಮಾತು. ಸಿನಿಮಾದವರು ಬಹಳ ಕಾಲ ಉತ್ತರ ಕರ್ನಾಟಕದ ಮಾತನ್ನು ನಗಿಸುವ ಪಾತ್ರಗಳ ಬಾಯಲ್ಲಿ ಇಟ್ಟಿದ್ದರಿಂದ, ಇಂಥ ಬಾಲಪದ ಕಂಡ ಕೂಡಲೇ ಬೆಂಗಳೂರಿನ ನೋಡುಗ ನಗಲು ಸಿದ್ಧನಾಗುತ್ತಾನೆ. ನಿನ್ನ ಆಯಿಯ ಚಿತ್ರದ ಮುಂದೆ ಯಾರಾದರೂ ಹಾಗೆ ನಗುವುದು ನನಗೆ ಬೇಡ. ಇದೇ ಧಾರವಾಡದ ಮಾತಿನಲ್ಲಿ ಬೇಂದ್ರೆಯವರು ಸಾವು, ಬಡತನ, ಪ್ರೀತಿ ಎಲ್ಲವನ್ನೂ ಹಾಡಿದರು, 1973ರ ಜ್ಞಾನಪೀಠ ಅವರಿಗೆ ಬಂತು. ಮಾತಿನಲ್ಲಿ ಹಗುರವೇನೂ ಇಲ್ಲ, ಅದನ್ನು ಬಳಸುವ ಕೈ ಹಗುರಾದಾಗ ಹಾಗೆ ಕೇಳಿಸುತ್ತದೆ.

ಇನ್ನು ‘ತಟ್ಟು’ ಮತ್ತು ‘ಬಡಿ’. ಮೈಸೂರು ಕಡೆ ಅಕ್ಕಿ ರೊಟ್ಟಿಯನ್ನು ಬಾಳೆ ಎಲೆಯ ಮೇಲೋ ನೇರ ಹಂಚಿನ ಮೇಲೋ ಬೆರಳುಗಳಿಂದ ಒತ್ತಿ ಹರಡುತ್ತಾರೆ. ಅದು ತಟ್ಟುವುದೇ. ಸಜ್ಜಿ, ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಎಳೆಯುವ ಜಿಗುಟಿಲ್ಲ. ಎಸರು ಹಾಕಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ಮುದ್ದೆ ಕಟ್ಟಿ, ಒಣ ಹಿಟ್ಟು ಉದುರಿಸಿ, ಅಂಗೈಯಿಂದ ಹೊಡೆಯುತ್ತಾ ತಿರುಗಿಸುತ್ತಾ ಹೋಗಬೇಕು. ಕೈ ನಿಜಕ್ಕೂ ಬೀಳುತ್ತದೆ, ಸಪ್ಪಳ ಪಕ್ಕದ ಮನೆಗೂ ಕೇಳುತ್ತದೆ. ಆ ಕೆಲಸಕ್ಕೆ ನಮ್ಮಲ್ಲಿ ಬಡಿಯುವುದು ಎನ್ನುತ್ತಾರೆ. ಮೈಸೂರಿನವರು ‘ಬಡಿಯುವುದು’ ಎಂಬಲ್ಲಿ ಹೊಡೆತವನ್ನು ಮಾತ್ರ ಕೇಳಿ ಒಂದು ಗಳಿಗೆ ತಡೆಯಬಹುದು. ತಡೆಯಲಿ. ಚಿತ್ರ ಎದುರಿಗೇ ಇದೆ, ಆ ಅಂಗೈ ನೋಡಿದ ಕೂಡಲೇ ಅರ್ಥ ತಾನಾಗಿ ಬರುತ್ತದೆ. ಅಡಿಬರಹಕ್ಕೆ ಇರುವ ದೊಡ್ಡ ಅನುಕೂಲ ಇದು, ಗೊತ್ತಿಲ್ಲದ ಪದಕ್ಕೆ ಚಿತ್ರವೇ ಅರ್ಥ ಕೊಡುತ್ತದೆ. ಚಿತ್ರದಲ್ಲಿ ಕಾಣದ್ದನ್ನು ಹೇಳುವ ಪದವಾಗಿದ್ದರೆ, ಉದಾಹರಣೆಗೆ ‘ಚರಗ’, ಆಗ ನಾನು ಇಷ್ಟು ಧೈರ್ಯ ಮಾಡುತ್ತಿರಲಿಲ್ಲ.

ಆಮೇಲೆ ‘ಅಜ್ಜಿ’. ನೀನು ಹುಟ್ಟಿದಾಗಿನಿಂದ ಅವಳನ್ನು ಆಯಿ ಎಂದು ಕರೆದಿದ್ದೀ, ಮೂರನೆಯ ಸಾಲಿನಲ್ಲಿ ಯಾಕೆ ಅಜ್ಜಿ ಎಂದೆಯೋ ಗೊತ್ತಿಲ್ಲ. ಬೆಂಗಳೂರಿನವರಿಗೆ ಆಯಿ ಎಂದರೆ ತಾಯಿ ಎಂದು ಕೇಳಿಸೀತು ಎಂಬ ಅಂಜಿಕೆ ಇರಬಹುದು, ಮರಾಠಿಯಲ್ಲಿ ಹಾಗಿದೆ. ನರೆತ ಕೂದಲು ಚಿತ್ರದಲ್ಲಿ ಕಾಣುತ್ತದೆ, ಆ ಅಂಜಿಕೆ ಬೇಡ. ಮನೆಮಾತಿನ ಸಾಲಿನಲ್ಲಿ ಸಂಬಂಧದ ಪದ ಯಾರು ಮಾತಾಡುತ್ತಿದ್ದಾರೆ ಎಂಬುದನ್ನು ಹೇಳಿಬಿಡುತ್ತದೆ. ಇದೇ ಚಿತ್ರಕ್ಕೆ ನಾನು ಬರೆದರೆ ‘ನಮ್ಮ ಅವ್ವ’ ಎನ್ನಬೇಕು, ನಿನ್ನ ತಾಯಿ ಬರೆದರೆ ‘ನಮ್ಮ ಅತ್ತಿ’ ಎನ್ನಬೇಕು. ಅತ್ತಿ ಎಂದ ಕೂಡಲೇ ಕ್ರಿಯಾಪದವೂ ‘ಬಡಿಯಾಕತ್ತಾರ’ ಆಗುತ್ತದೆ, ಸೊಸೆ ಅತ್ತೆಯನ್ನು ಬಹುವಚನದಲ್ಲೇ ಕರೆಯುವ ಮನೆ ನಮ್ಮದು. ನಾನೂ ನೀನೂ ಮಾತ್ರ ‘ಬಡಿಯಾಕತ್ತಾಳ’ ಎನ್ನಬಹುದು. ಅಚ್ಚಿನ ಸಾಲಿನಲ್ಲಿ ಒರಟಾಗಿದ್ದ ಅದೇ ಏಕವಚನ ಇಲ್ಲಿ ತೊಡೆಯ ಮೇಲೆ ಬೆಳೆದವರ ಸಲಿಗೆ. ಗ್ರಾಂಥಿಕದಲ್ಲಿ ಮರ್ಯಾದೆ ದೂರವನ್ನು ಕಾಯುತ್ತದೆ, ಮನೆಮಾತಿನಲ್ಲಿ ಅದೇ ಮರ್ಯಾದೆ ಸಂಬಂಧವನ್ನು ನೋಡಿ ಬರುತ್ತದೆ. ಇದನ್ನು ಹಿಡಿಯದೆ ಒಂದು ಸಾಲನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ತರಲು ಹೊರಟರೆ, ಅಮ್ಮನಂಥವಳಿಗೆ ಕಚೇರಿಯ ಬಹುವಚನ, ಅಪರಿಚಿತರಿಗೆ ಮನೆಯ ಏಕವಚನ ಸಿಕ್ಕಿಬಿಡುತ್ತದೆ.

ಹೀಗೆ ಎಲ್ಲ ಸೇರಿಸಿ ಮೂರನೆಯ ಸಾಲು ನಮ್ಮ ಮನೆಯಲ್ಲಿ ಕೇಳಿಸುವ ಹಾಗೆ ಬರೆದರೆ:

"ನಾಳಿ ಎಳ್ಳ ಅಮಾಸಿ ಅಂತ ನಮ್ಮ ಆಯಿ ಒಲಿ ಮುಂದ ಕುಂತು ಸಜ್ಜಿ ರೊಟ್ಟಿ ಬಡಿಯಾಕತ್ತಾಳ."

ಉದ್ಗಾರ ಚಿಹ್ನೆ ಇಲ್ಲ. ಹೇಳುವವಳಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಪ್ರತಿ ವರ್ಷ ನೋಡಿದ್ದು. ಸೀಮೆಯ ಮಾತಿಗೆ ಉದ್ಗಾರ ಹಾಕಿದ ಕೂಡಲೇ ಅದು ಹೊರಗಿನವರಿಗೆ ತೋರಿಸುವ ವಸ್ತುವಾಗುತ್ತದೆ.

ಕಾಗುಣಿತದ ವಿಷಯ ಒಂದಿದೆ, ಅದರಲ್ಲಿ ಆತುರ ಬೇಡ. ನಮ್ಮ ಲಿಪಿ ಅಚ್ಚಿನ ಕನ್ನಡಕ್ಕೆ ಹೊಂದಿಕೊಂಡದ್ದು. ನಮ್ಮ ಬಾಯಲ್ಲಿ ‘ಬೇಡ’, ‘ಮೇಲೆ’, ‘ಪೇಟೆ’ಗಳಲ್ಲಿ ಬರುವ ಅಗಲವಾದ ಸ್ವರಕ್ಕೆ ಅದರಲ್ಲಿ ಬೇರೆ ಅಕ್ಷರವಿಲ್ಲ. ಹಾಗಾಗಿ ಯಕಾರದ ಒತ್ತು ಕೊಟ್ಟು ‘ಬ್ಯಾಡ’, ‘ಮ್ಯಾಲ’, ‘ಪ್ಯಾಟಿ’ ಎಂದು ಬರೆಯುವುದು ರೂಢಿಯಾಗಿದೆ. ‘ಬಡಿಯಾಕತ್ತಾಳ’ ಎಂಬುದನ್ನೂ ಕೆಲವರು ‘ಬಡ್ಯಾಕತ್ತ್ಯಾಳ’ ಎಂದು ಇನ್ನಷ್ಟು ಕಿವಿಗೆ ಹತ್ತಿರವಾಗಿ ಬರೆದಾರು. ನಾನು ಬರೆಯುವುದಿಲ್ಲ. ಗೋಡೆಯ ಮುಂದೆ ನಿಂತು ಓದುವವರಿಗೆ ಒತ್ತಿನ ಮೇಲೆ ಒತ್ತು ಬಂದರೆ ಕಣ್ಣು ಎಡವುತ್ತದೆ, ಸಾಲನ್ನು ಬಿಟ್ಟು ಅಕ್ಷರ ಬಿಡಿಸಲು ಶುರು ಮಾಡುತ್ತಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ನಂಜನಗೂಡು ಸೀಮೆಯ ಮಾತನ್ನು ನಮ್ಮ ಕಡೆಯವರು ಮೊದಲ ಪುಟಗಳಲ್ಲಿ ನಿಧಾನವಾಗಿ ಓದಬೇಕಾಗಿತ್ತು, ಹೋಗುತ್ತಾ ಹೋಗುತ್ತಾ ಕಿವಿ ತೆರೆಯಿತು. ಕಾದಂಬರಿಗೆ ಓದುಗರನ್ನು ಪಳಗಿಸಲು ಪುಟಗಳಿವೆ. ನಿನಗೆ ಇರುವುದು ಒಂದು ಸಾಲು, ಅದನ್ನು ಓದುವವರಿಗೆ ಇರುವುದು ಒಂದು ನೋಟ. ಕ್ರಿಯಾಪದ, ಸಂಬಂಧದ ಪದ, ಒಂದೆರಡು ಸ್ವರ ಇಷ್ಟರಲ್ಲಿ ಊರು ಕೇಳಿಸಿದರೆ ಸಾಕು, ಉಳಿದದ್ದು ಸುಲಭವಾಗಿ ಓದುವ ಹಾಗಿರಲಿ.

‘ಧಾರವಾಡದ ಮಾತು’ ಎಂದೆನಲ್ಲ, ಅದೂ ಒಂದೇ ಇಲ್ಲ. ನಮ್ಮ ಊರಿನಲ್ಲೇ ಒಂದು ಓಣಿಯಲ್ಲಿ ‘ಬಡಿಯಾಕತ್ತಾಳ’, ಇನ್ನೊಂದರಲ್ಲಿ ‘ಬಡೀಲಿಕ್ಕತ್ತಾಳ’. ಕಲಬುರಗಿಯತ್ತ ಹೋದರೆ ಅದು ‘ಲತ್ಯಾಳ’ದ ಕಡೆಗೆ ಸರಿಯುತ್ತದೆ. ನೀನು ಉತ್ತರ ಕರ್ನಾಟಕದ ಮಾತು ಎಂದು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಒಂದು ಸಾಲಿನಲ್ಲಿ ಬೆಳಗಾವಿಯದೊಂದು, ರಾಯಚೂರಿನದೊಂದು ಪದ ಸೇರಿಸಿದರೆ ಆ ಸಾಲಿಗೆ ಮನೆಯೇ ಇಲ್ಲದಂತಾಗುತ್ತದೆ. ನಮ್ಮ ಮನೆಯಲ್ಲಿ ಯಾವುದು ಎಂಬುದನ್ನು ನನ್ನಿಂದ ಅಲ್ಲ, ಆಯಿಯಿಂದಲೇ ಕೇಳಿ ತಿಳಿ. ಫೋನ್ ಹಚ್ಚಿ "ಏನ್ ಮಾಡಾಕತ್ತೀ ಆಯಿ?" ಎಂದು ಕೇಳು. ಅವಳು ಕೊಡುವ ಉತ್ತರದ ಕೊನೆಯ ಪದ ಗಮನವಿಟ್ಟು ಕೇಳಿಕೋ. ನನ್ನ ಸಾಲಿಗಿಂತ ಅದು ಸರಿ. ನಾನು ಅಚ್ಚಿನ ಕನ್ನಡ ತಿದ್ದುತ್ತಾ ಕಳೆದವಳು, ನನ್ನ ಕಿವಿಗೂ ಅದರ ಧೂಳು ಹತ್ತಿದೆ.

ಸಾಲು ಸಿದ್ಧವಾದ ಮೇಲೆ ಒಂದು ಪರೀಕ್ಷೆ ಮಾಡು. ಬೇರೆ ಬಗೆಯ ಒಂದು ಪದವನ್ನು ಬೇಕೆಂದೇ ಸೇರಿಸಿ ಓದು. "ನಮ್ಮ ಆಯಿ ಒಲಿ ಮುಂದ ಕುಳಿತು ರೊಟ್ಟಿ ಬಡಿಯಾಕತ್ತಾಳ" ಎಂದರೆ ‘ಕುಳಿತು’ ಒಂದೇ ಹೊರಗೆ ಚಾಚಿಕೊಂಡು ನಿಲ್ಲುತ್ತದೆ. "ಅಜ್ಜಿಯೊಬ್ಬರು ಒಲೆಯ ಮುಂದೆ ಕುಂತು ರೊಟ್ಟಿ ತಟ್ಟುತ್ತಿದ್ದಾರೆ" ಎಂದರೆ ‘ಕುಂತು’ ಮುಜುಗರ ತರುತ್ತದೆ, ಅದರ ತಪ್ಪಿಲ್ಲದೆಯೇ. ಹೀಗೆ ಪರಕೀಯ ಪದವನ್ನು ಸಾಲು ತಾನಾಗಿ ಹೊರಗೆ ತಳ್ಳಿದರೆ ಅದು ಒಂದು ಬಾಯಿಯ ಮಾತು ಎಂದು ತಿಳಿ. ಏನು ಸೇರಿಸಿದರೂ ನಡೆಯುತ್ತದೆ ಅನ್ನಿಸಿದರೆ ಸಾಲು ಇನ್ನೂ ಯಾರದೂ ಆಗಿಲ್ಲ.

ಪ್ರದರ್ಶನಕ್ಕೆ ಯಾವುದು ಎಂದು ಕೇಳಿದ್ದೀ. ನಾನಾದರೆ ಧಾರವಾಡದ ಸಾಲನ್ನೇ ಹಾಕುತ್ತೇನೆ, ಆದರೆ ಅದೊಂದನ್ನೇ ಅಲ್ಲ. ಮನೆಮಾತಿನ ಸಾಲಿನಲ್ಲಿ ಊರಿನ ಹೆಸರು, ವರ್ಷ ಸೇರಿಸಲು ಬರುವುದಿಲ್ಲ, ಸೇರಿಸಿದರೆ ಮಾತು ಕೆಡುತ್ತದೆ, ಒಲೆಯ ಮುಂದೆ ನಿಂತು ಯಾರೂ ತಾಲ್ಲೂಕಿನ ಹೆಸರು ಹೇಳುವುದಿಲ್ಲ. ಆದರೆ ಅದು ಇಲ್ಲದೆ ನೋಡುವವರಿಗೆ ಚಿತ್ರ ಎಲ್ಲಿಯದೆಂದು ತಿಳಿಯದು. ಮೇಲೆ ದೊಡ್ಡ ಅಕ್ಷರದಲ್ಲಿ ಆಯಿಯ ಸಾಲು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಿನ ಕನ್ನಡದಲ್ಲಿ "ಎಳ್ಳು ಅಮಾವಾಸ್ಯೆಯ ಹಿಂದಿನ ದಿನ" ಎಂದು ಬರೆದು ಊರು, ತಾಲ್ಲೂಕು, ವರ್ಷ. ಅಲ್ಲಿ ಕ್ರಿಯಾಪದವೇ ಬೇಡ, ಆಗಲೇ ಮೇಲಿನ ಸಾಲಿನಲ್ಲಿ ಬಂದಿದೆ. ಒಂದು ಸಾಲು ಮಾತಾಡುತ್ತದೆ, ಇನ್ನೊಂದು ಮಾಹಿತಿ ಕೊಡುತ್ತದೆ, ಒಂದರ ಕೆಲಸವನ್ನು ಇನ್ನೊಂದು ಮಾಡಲು ಹೋಗುವುದಿಲ್ಲ.

ನೀನು ಅದೇ ದಿನ ತೆಗೆದ ಇನ್ನೊಂದು ಚಿತ್ರ ಇದೆಯಲ್ಲ, ಪಕ್ಕದ ಹೊಲದಲ್ಲಿ ಬುತ್ತಿ ಬಿಚ್ಚುತ್ತಿರುವ ಹಿರಿಯರದು, ಅದಕ್ಕೆ ಈ ಮನೆಮಾತು ಬೇಡ. ಅವರನ್ನು ಏನೆಂದು ಕರೆಯಬೇಕು ಎಂಬುದು ನಿನಗೆ ಗೊತ್ತಿಲ್ಲ, ಅವರ ಮನೆಯ ಮಾತು ನಿನ್ನ ಕಿವಿಗೆ ಬಿದ್ದಿಲ್ಲ. ಅವರ ಹೆಸರು ಕೇಳಿ, ಹೆಸರು ಹಾಕಲು ಒಪ್ಪಿಗೆ ಕೇಳಿ, "ಬುತ್ತಿ ಬಿಚ್ಚುತ್ತಿದ್ದಾರೆ" ಎಂದು ಬಹುವಚನದಲ್ಲಿ ಬರೆ.